ಹೊಲ ಕೊಟ್ಟು ಹೆಸರು ಗಳಿಸಿದ ಅರಸರು: ಭೀಮಾ ತೀರದ ದತ್ತಿಗಳ ಕಥೆ

(ಸಂಚಿಕೆಯ ಪಠ್ಯರೂಪ. ಕೇಳಲು ಆಗದವರು ಓದಬಹುದು.)

ಇವತ್ತಿನ ಮಾತು ನಿಂಬರ್ಗಾದಿಂದ ಶುರು ಮಾಡೋಣ. ಆಳಂದ ತಾಲ್ಲೂಕಿನ ಈ ಊರಿನಿಂದ ಅಫಜಲಪುರದ ಕಡೆ ಹೋದರೂ ಅಷ್ಟೇ, ಜೇವರ್ಗಿ ಕಡೆ ಹೋದರೂ ಅಷ್ಟೇ, ಹಳೆಯ ಗುಡಿ ಇರುವ ಊರುಗಳಲ್ಲಿ ಎರಡು ವಿಷಯ ಕಣ್ಣಿಗೆ, ಕಿವಿಗೆ ಬೀಳುತ್ತವೆ. ಒಂದು, ಗುಡಿ ಅಂಗಳದಲ್ಲೋ ಬೇವಿನ ಮರದ ಬುಡದಲ್ಲೋ ನಿಂತಿರುವ ಅಕ್ಷರದ ಕಲ್ಲು. ಇನ್ನೊಂದು, ಊರವರ ಬಾಯಲ್ಲಿ ಬರುವ "ದೇವರ ಹೊಲ" ಅನ್ನೋ ಮಾತು.

"ದೇವರ ಹೊಲ ಅಂದ್ರೆ ಯಾರ ಹೊಲ?" ಅಂತ ಒಬ್ಬ ಹಿರಿಯರನ್ನ ಕೇಳಿದ್ದೆ. ಅವರು ನಕ್ಕು, "ಹೆಸರು ದೇವರದು, ಬೆವರು ನಮ್ಮದು ನೋಡಪಾ" ಅಂದರು. ಸಾವಿರ ವರ್ಷದ ಹಿಂದೆ ಇದೇ ನೆಲದಲ್ಲಿ ಕೊಟ್ಟ ದತ್ತಿಗಳನ್ನ ಓದುವಾಗ ಆ ಮಾತು ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಆ ದತ್ತಿಗಳಲ್ಲಿ ಮೂರನೇ ಹೆಸರೊಂದೂ ಇರುತ್ತಿತ್ತು: ಅರಸನದು. ಗುಡಿಗೆ, ಪಂಡಿತರಿಗೆ, ಪಾಠಶಾಲೆಗೆ ಭೂಮಿ ಬಿಟ್ಟುಕೊಟ್ಟ ಅರಸ ತನ್ನ ಆದಾಯವನ್ನೇ ಕಳೆದುಕೊಳ್ಳುತ್ತಿದ್ದ. ಹಾಗಿದ್ದೂ ಅವನ ಅಧಿಕಾರ ಬೆಳೆಯಿತು. ಅದು ಹೇಗೆ? ಇದೇ ಇವತ್ತಿನ ಪ್ರಶ್ನೆ.

ಮೊದಲು ಜಾಗ ಗುರುತು ಮಾಡ್ಕೊಳ್ಳೋಣ. ನಿಂಬರ್ಗಾದಿಂದ ಪೂರ್ವಕ್ಕೆ, ಕಲಬುರಗಿ ದಾಟಿದರೆ ಸೇಡಂ ತಾಲ್ಲೂಕಿನಲ್ಲಿ ಮಳಖೇಡ. ಅದೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಉತ್ತರದ ಕಡೆಗೆ ಬಸವಕಲ್ಯಾಣ, ಅಂದರೆ ರಾಷ್ಟ್ರಕೂಟರ ನಂತರ ಬಂದ ಚಾಲುಕ್ಯರ ಕಲ್ಯಾಣ. ಆಳಂದದ ಸುತ್ತಲಿನ ಸೀಮೆಯನ್ನ ಶಾಸನಗಳು "ಅಳಂದೆ ಸಾಸಿರ" ಅಂತ ಕರೆಯುತ್ತವೆ. ಹೀಗೆ ಎರಡು ದೊಡ್ಡ ರಾಜಧಾನಿಗಳ ನಡುವಿನ ನೆಲ ನಮ್ಮದು. ಅದಕ್ಕೇ ಇಲ್ಲಿ ಇಷ್ಟೊಂದು ಕಲ್ಲುಗಳು.

ಸಾಲೋಟಗಿಯ ಕಂಬ ಏನು ಹೇಳುತ್ತದೆ

ಅಫಜಲಪುರದ ಕಡೆ ಇಳಿದು ಭೀಮಾ ನದಿ ದಾಟಿದರೆ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು. ಅಲ್ಲಿ ಸಾಲೋಟಗಿ ಅಂತ ಊರು. ಹಳೆಯ ಹೆಸರು ಪಾವಿಟ್ಟಗೆ. ಅಲ್ಲಿನ ಕಂಬವೊಂದರ ಮೇಲೆ 945ರ ಶಾಸನ ಇದೆ. ಆಗ ಮಾನ್ಯಖೇಟದಲ್ಲಿ ಆಳುತ್ತಿದ್ದವನು ರಾಷ್ಟ್ರಕೂಟ ಮೂರನೇ ಕೃಷ್ಣ. ಅವನ ಮಂತ್ರಿ ನಾರಾಯಣ ಎಂಬವನು ಪಾವಿಟ್ಟಗೆಯಲ್ಲಿ ಒಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬಂದು ಅಲ್ಲಿ ಓದುತ್ತಿದ್ದರು.

ಶಾಲೆ ಕಟ್ಟಿಸೋದು ಸುಲಭ, ನಡೆಸೋದು ಕಷ್ಟ. ಪ್ರತಿ ವರ್ಷ ಅಕ್ಕಿ-ಜೋಳ ಬೇಕು, ಎಣ್ಣೆ ಬೇಕು, ಗುರುಗಳ ಮನೆ ನಡೆಯಬೇಕು. ಇವತ್ತಾದರೆ ಬಜೆಟ್‌ನಲ್ಲಿ ಹಣ ಇಡುತ್ತಾರೆ. ಆಗ ಇಡುತ್ತಿದ್ದದ್ದು ಹೊಲ. ಆ ದತ್ತಿಯಲ್ಲಿ 500 ನಿವರ್ತನ ಭೂಮಿಯ ಮಾತಿದೆ. ವಿದ್ಯಾರ್ಥಿಗಳು ಇರೋದಕ್ಕೆ 27 ಮನೆ-ನಿವೇಶನಗಳಿವೆ. ಪಾಠ ಹೇಳುವ ಉಪಾಧ್ಯಾಯನಿಗೆ 50 ನಿವರ್ತನ. ದೀಪಕ್ಕೆ ಅಂತಲೇ ಬೇರೆಯಾಗಿ 12 ನಿವರ್ತನ.

ನಿವರ್ತನ ಅಂದ್ರೆ ಎಷ್ಟು ಎಕರೆ ಅಂತ ಕೇಳಬೇಡಿ. ಅಳೆಯುವ ಕೋಲು ಸೀಮೆಯಿಂದ ಸೀಮೆಗೆ ಬದಲಾಗುತ್ತಿತ್ತು. ಕನ್ನಡ ಶಾಸನಗಳಲ್ಲಿ ಬರುವ "ಮತ್ತರು" ಅನ್ನೋ ಅಳತೆಗೂ ಇದೇ ತೊಂದರೆ. ಎಕರೆ ಬಿಡಿ, ಎರಡು ಅಂಕಿಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ಗುರುವಿನ ಜೀವನಕ್ಕೆ 50, ದೀಪಕ್ಕೆ 12. ಅಂದರೆ ಒಬ್ಬ ದೊಡ್ಡ ಪಂಡಿತನ ಮನೆ ನಡೆಯುವಷ್ಟರ ಕಾಲುಭಾಗ ಬರೀ ಬೆಳಕಿಗೆ ಹೋಗುತ್ತಿತ್ತು. ಕತ್ತಲಾದ ಮೇಲೂ ಅಲ್ಲಿ ಕೆಲಸ ನಡೆಯುತ್ತಿತ್ತು ಅನ್ನೋದೂ, ಎಣ್ಣೆ ಎಷ್ಟು ದುಬಾರಿ ವಸ್ತು ಆಗಿತ್ತು ಅನ್ನೋದೂ ಇದರಿಂದ ಗೊತ್ತಾಗುತ್ತದೆ.

ಇಷ್ಟೇ ಅಲ್ಲ. ಊರಿನ ಬ್ರಾಹ್ಮಣ ಕುಟುಂಬಗಳೂ ಒಂದು ವಂತಿಗೆ ಒಪ್ಪಿಕೊಂಡಿದ್ದವು. ಮದುವೆ ಆದರೆ 5 ನಾಣ್ಯ, ಉಪನಯನಕ್ಕೆ ಅದರ ಅರ್ಧ, ಮಗುವಿನ ಚೌಲಕ್ಕೆ ಅದರದೂ ಅರ್ಧ. ಮಂತ್ರಿ ಶಾಲೆ ಕಟ್ಟಿಸಿದ, ಭೂಮಿ ಅದನ್ನ ನಡೆಸಿತು, ಊರು ಪ್ರತಿ ಮಂಗಳಕಾರ್ಯದಲ್ಲೂ ಸ್ವಲ್ಪ ಸೇರಿಸಿತು. ಮಾನ್ಯಖೇಟದ ಖಜಾನೆಯಿಂದ ಪ್ರತಿ ವರ್ಷ ಗಾಡಿ ಹೊರಡಬೇಕಾದ ಅಗತ್ಯ ಬೀಳಲೇ ಇಲ್ಲ.

ಕೊಟ್ಟದ್ದು ಹೊಲವಾ, ಹೊಲದ ಹುಟ್ಟುವಳಿಯಾ?

ಇಲ್ಲಿ ಒಂದು ನಿಮಿಷ ನಿಲ್ಲೋಣ. ಯಾಕಂದ್ರೆ ಬಹಳ ಜನ ತಪ್ಪು ತಿಳಿಯೋದು ಇಲ್ಲೇ.

"ಅರಸ ಭೂಮಿ ದಾನ ಕೊಟ್ಟ" ಅಂದಾಗ ನಾವು ಅಂದ್ಕೊಳ್ಳೋದು ಖಾಲಿ ಜಾಗ ಒಂದನ್ನ ಬರೆದುಕೊಟ್ಟ ಅಂತ. ಕೆಲವು ಕಡೆ ಹಾಗೂ ಆಗಿದೆ, ಕಾಡು ಕಡಿದು ಹೊಸ ಊರು ಮಾಡಿದ್ದಾರೆ. ಆದರೆ ಎಷ್ಟೋ ಕಡೆ ಹೊಲ ಆಗಲೇ ಉಳುಮೆಯಲ್ಲಿತ್ತು. ಒಕ್ಕಲು ಇದ್ದರು. ಅವರು ಬೆಳೆದದ್ದರಲ್ಲಿ ಒಂದು ಪಾಲು ಅರಸನಿಗೆ ಕೊಡುತ್ತಿದ್ದರು. ದತ್ತಿ ಆದ ಮೇಲೆ ಆ ಪಾಲು ಹೋಗುವ ದಿಕ್ಕು ಬದಲಾಯಿತು. ಅರಸನ ಕಣಜಕ್ಕೆ ಹೋಗುತ್ತಿದ್ದದ್ದು ಈಗ ಗುಡಿಗೆ, ಶಾಲೆಗೆ, ಅಗ್ರಹಾರದ ಮಹಾಜನರಿಗೆ ಹೋಗತೊಡಗಿತು.

ಶಾಸನಗಳಲ್ಲಿ "ಸರ್ವನಮಸ್ಯ" ಅನ್ನೋ ಪದ ಬರುತ್ತದೆ. ಎಲ್ಲ ತೆರಿಗೆಯಿಂದ ಮುಕ್ತ, ಗೌರವದಿಂದ ಕಾಯಬೇಕಾದ ದತ್ತಿ ಅನ್ನೋ ಅರ್ಥ. "ಸರ್ವಬಾಧಾಪರಿಹಾರ" ಅಂದರೂ ಹೆಚ್ಚು ಕಡಿಮೆ ಅದೇ: ಅರಸನ ಅಧಿಕಾರಿಗಳು ಆ ಹೊಲದ ಮೇಲೆ ಯಾವ ಕಾಟವನ್ನೂ ಕೊಡುವ ಹಾಗಿಲ್ಲ. ಕೇಳೋಕೆ ಚೆನ್ನಾಗಿದೆ. ಆದರೆ ತೆರಿಗೆ ಮಾಫಿ ಆದದ್ದು ಯಾರಿಗೆ? ದಾನ ಪಡೆದವರಿಗೆ. ಕೂರಿಗೆ ಹೊಡೆಯುವವನು ಕೊಡಬೇಕಾದ ಪಾಲನ್ನ ಕೊಡುತ್ತಲೇ ಇದ್ದ. ಅವನು ಕೈ ಮುಗಿಯಬೇಕಾದ ಬಾಗಿಲು ಮಾತ್ರ ಬೇರೆ ಆಯ್ತು. ಈ ಒಂದು ವಿಷಯ ನೆನಪಲ್ಲಿರಲಿ, ಕೊನೆಗೆ ಮತ್ತೆ ಬೇಕಾಗುತ್ತದೆ.

ದಂಡನಾಯಕ ಯಾಕೆ ಶಾಲೆ ಕಟ್ಟಿಸಿದ?

ಸಾಲೋಟಗಿಯಿಂದ ಈಗ ನಮ್ಮ ಜಿಲ್ಲೆಗೇ ವಾಪಸ್ ಬರೋಣ, ಒಂದು ಶತಮಾನ ಮುಂದಕ್ಕೂ ಬರೋಣ. ಚಿತ್ತಾಪುರದ ಹತ್ತಿರ ನಾಗಾವಿ. ಅರವತ್ತು ಕಂಬದ ಗುಡಿ ನೋಡಿದವರು ಇರಬಹುದು, ಅಥವಾ ಎಲ್ಲಮ್ಮನ ಜಾತ್ರೆಗೆ ಹೋದವರು. ಅದೇ ನಾಗಾವಿಯಲ್ಲಿ 1058ರ ಒಂದು ಶಾಸನ ಇದೆ. ರಾಷ್ಟ್ರಕೂಟರು ಹೋಗಿ ಎಂಬತ್ತೈದು ವರ್ಷ ಆಗಿತ್ತು. ಕಲ್ಯಾಣದ ಚಾಲುಕ್ಯ ಒಂದನೇ ಸೋಮೇಶ್ವರ ಆಳುತ್ತಿದ್ದ, ಬಿರುದು ತ್ರೈಲೋಕ್ಯಮಲ್ಲ. ಅವನ ದಂಡನಾಯಕ ಮಧುಸೂದನ ನಾಗಾವಿಯ ಘಟಿಕಾಸ್ಥಾನಕ್ಕೆ ದೊಡ್ಡ ವ್ಯವಸ್ಥೆ ಮಾಡಿದ.

ಘಟಿಕಾಸ್ಥಾನ ಅಂದರೆ ಆ ಕಾಲದ ಉನ್ನತ ವಿದ್ಯಾಕೇಂದ್ರ. ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ ಐವತ್ತರಷ್ಟು ಜನ, ವೇದಕ್ಕೆ 3 ಗುರುಗಳು, ಶಾಸ್ತ್ರಕ್ಕೆ 3 ಗುರುಗಳು. ಶಾಸ್ತ್ರ ಅಂದರೆ ಇಲ್ಲಿ ಮುಖ್ಯವಾಗಿ ಮೀಮಾಂಸೆ ಮತ್ತು ವ್ಯಾಕರಣ. ಇದರ ಜೊತೆ 6 ಜನ "ಸರಸ್ವತೀ ಭಂಡಾರಿಗರು", ಅಂದರೆ ಗ್ರಂಥಪಾಲಕರು. ಆರು ಜನ ಲೈಬ್ರೇರಿಯನ್ ಇರಬೇಕಾದಷ್ಟು ತಾಳೆಗರಿ ಪುಸ್ತಕಗಳು ನಾಗಾವಿಯಲ್ಲಿದ್ದವು ಅನ್ನೋದನ್ನ ಯೋಚನೆ ಮಾಡಿ. ಇವರೆಲ್ಲರ ಊಟ-ಬಟ್ಟೆಗೆ ಆಧಾರ ಮತ್ತೆ ಭೂಮಿಯೇ.

ಈಗ ಕಾಲ ನೋಡಿ. 1054ರಲ್ಲಿ ಕೊಪ್ಪಂನಲ್ಲಿ ಚಾಲುಕ್ಯರಿಗೂ ಚೋಳರಿಗೂ ಘೋರ ಯುದ್ಧ ನಡೆದಿತ್ತು. ಚೋಳ ರಾಜಾಧಿರಾಜ ರಣರಂಗದಲ್ಲೇ ಸತ್ತ. ಆದರೂ ಅವನ ತಮ್ಮ ಎರಡನೇ ರಾಜೇಂದ್ರ ಅಲ್ಲೇ ಪಟ್ಟ ಕಟ್ಟಿಸಿಕೊಂಡು ಯುದ್ಧ ತಿರುಗಿಸಿದ. ಚೋಳರ ಕಾಟ ಮುಗಿದಿರಲಿಲ್ಲ. ಇಂಥ ಹೊತ್ತಲ್ಲಿ ಒಬ್ಬ ಸೇನಾಪತಿ ವ್ಯಾಕರಣದ ಪಾಠಕ್ಕೆ ಹೊಲ ಬಿಡಿಸಿಕೊಡುತ್ತಿದ್ದಾನೆ.

ಧರ್ಮಬುದ್ಧಿ, ಪುಣ್ಯದ ಆಸೆ ಇತ್ತು, ಅದನ್ನ ಅಲ್ಲಗಳೆಯೋದು ಬೇಡ. ಆ ಜನ ಅದನ್ನ ನಿಜವಾಗಿ ನಂಬಿದ್ದರು. ಅದರ ಜೊತೆ ಇನ್ನೊಂದು ಕೆಲಸವೂ ನಡೆಯುತ್ತಿತ್ತು. ಅದು ಕಾಣಬೇಕಾದರೆ ಆ ಕಾಲದ ದಾನಶಾಸನ ಹೇಗೆ ಶುರುವಾಗುತ್ತದೆ ಅನ್ನೋದನ್ನ ಗಮನಿಸಬೇಕು.

ಮೊದಲು ಚಕ್ರವರ್ತಿ ಬರುತ್ತಾನೆ. ಸಾಲು ಸಾಲು ಬಿರುದುಗಳ ನಂತರ, ಅವನ ವಿಜಯರಾಜ್ಯ ಸೂರ್ಯಚಂದ್ರರು ಇರುವವರೆಗೆ ಬೆಳೆಯುತ್ತ ನಡೆಯುತ್ತಿರಲು, ಅಂತ ಬರುತ್ತದೆ. ಆಮೇಲೆ ಎರಡನೇ ವ್ಯಕ್ತಿ: ಮಾಂಡಳಿಕನೋ ದಂಡನಾಯಕನೋ. ಅವನನ್ನ ಕರೆಯುವ ಪದ "ತತ್ಪಾದಪದ್ಮೋಪಜೀವಿ". ಅಂದರೆ ಆ ಚಕ್ರವರ್ತಿಯ ಪಾದಕಮಲವನ್ನ ಆಶ್ರಯಿಸಿ ಬದುಕುವವನು. ಆಮೇಲೆ ಊರಿನ ಗಾವುಂಡ, ಮಹಾಜನರು, ಸೆಟ್ಟಿಗಳು. ಕೊನೆಗೆ ಹೊಲ, ಅದರ ಅಳತೆ, ನಾಲ್ಕು ದಿಕ್ಕಿನ ಗಡಿ.

ಒಂದೇ ಕಲ್ಲಿನಲ್ಲಿ ಚಕ್ರವರ್ತಿಯಿಂದ ಹಿಡಿದು ಊರಗೌಡನವರೆಗೆ ಯಾರು ಯಾರ ಕೆಳಗೆ ಅನ್ನೋದು ಕೆತ್ತಿ ಆಯ್ತು. ಫೋನಿಲ್ಲ, ಪೇಪರಿಲ್ಲ, ಪ್ರತಿ ಹಳ್ಳಿಯಲ್ಲಿ ಅರಸನ ಕಚೇರಿ ಇಲ್ಲ. ಇಂಥ ಕಾಲದಲ್ಲಿ ಅರಸನ ಹೆಸರು ಒಂದು ಹಳ್ಳಿಗೆ ಹೋಗಿ ಶಾಶ್ವತವಾಗಿ ನಿಲ್ಲುವ ದಾರಿ ಇದು. ಸಾಮಂತನಿಗೂ ಲಾಭ ಇತ್ತು. ತನ್ನ ಸೀಮೆಯಲ್ಲಿ ದಾನಿ ಅಂತ ಹೆಸರಾಗುತ್ತಿತ್ತು. ಅದಕ್ಕೆ ಅವನು ಕೊಡಬೇಕಾದ ಬೆಲೆ ಒಂದೇ: ಕಲ್ಲಿನ ಮೊದಲ ಸಾಲುಗಳಲ್ಲಿ ತನ್ನ ಒಡೆಯ ಯಾರು ಅಂತ ಎಲ್ಲರ ಮುಂದೆ ಒಪ್ಪಿಕೊಳ್ಳಬೇಕಿತ್ತು.

ಆರನೇ ವಿಕ್ರಮಾದಿತ್ಯ ಇದನ್ನ ಇನ್ನೊಂದು ಹೆಜ್ಜೆ ಮುಂದೆ ಒಯ್ದ. 1076ರಲ್ಲಿ ಪಟ್ಟಕ್ಕೆ ಬಂದಾಗ ಶಕವರ್ಷದ ಬದಲಿಗೆ ತನ್ನದೇ ಚಾಲುಕ್ಯ ವಿಕ್ರಮ ವರ್ಷ ಶುರು ಮಾಡಿದ. ಅಲ್ಲಿಂದ ಮುಂದೆ ಅವನ ನಾಡಿನಲ್ಲಿ ಯಾರೋ ಒಬ್ಬ ಗಾವುಂಡ ಸಣ್ಣ ಗುಡಿಗೆ ನಾಲ್ಕು ಮತ್ತರು ಕೊಟ್ಟು ದಿನಾಂಕ ಬರೆಸಿದರೂ ಅದರಲ್ಲಿ ಅರಸನ ಹೆಸರು ಬಂದೇ ಬರುತ್ತಿತ್ತು. ವರ್ಷವೇ ಅವನದು.

ಕೊಡುವ ಹಕ್ಕು ಯಾರದು?

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯಕ್ಕೆ ಬರ್ತೀನಿ. ಇದೇ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ ವಿಜ್ಞಾನೇಶ್ವರ ಎಂಬ ಪಂಡಿತ ಇದ್ದ. ನಮ್ಮ ಜಿಲ್ಲೆಯ ಮರ್ತೂರಿನವನು ಅನ್ನುತ್ತಾರೆ. ಅವನು ಬರೆದ ಮಿತಾಕ್ಷರ, ಯಾಜ್ಞವಲ್ಕ್ಯ ಸ್ಮೃತಿಯ ಮೇಲಿನ ವ್ಯಾಖ್ಯಾನ. ಹಿಂದೂ ಕುಟುಂಬದ ಆಸ್ತಿ ಹಂಚಿಕೆ ಬಗ್ಗೆ ಕೋರ್ಟುಗಳು ಇಪ್ಪತ್ತನೇ ಶತಮಾನದವರೆಗೂ ತಿರುವಿ ಹಾಕಿದ ಪುಸ್ತಕ ಅದು. ಲಾ ಓದುವವರಿಗೆ ಹೆಸರು ಗೊತ್ತಿರುತ್ತದೆ.

ಭೂಮಿ ದಾನ ಕೊಟ್ಟಾಗ ಅರಸ ಏನು ಮಾಡಬೇಕು ಅಂತ ಯಾಜ್ಞವಲ್ಕ್ಯ ಸ್ಮೃತಿ ಹೇಳುತ್ತದೆ. ಬಟ್ಟೆಯ ಮೇಲೋ ತಾಮ್ರದ ತಗಡಿನ ಮೇಲೋ ಬರೆಸಬೇಕು. ಮುಂದೆ ಬರುವ ಅರಸರಿಗೆ ಗೊತ್ತಾಗುವ ಹಾಗೆ ತನ್ನ ವಂಶದ ಹಿರಿಯರ ಹೆಸರು, ತನ್ನ ಹೆಸರು, ಕೊಟ್ಟದ್ದರ ಅಳತೆ, ಗಡಿ, ಕಾಲ ಎಲ್ಲ ಇರಬೇಕು. ಸಹಿ, ಮುದ್ರೆ ಬೇಕು. ಇದಕ್ಕೆ ವಿಜ್ಞಾನೇಶ್ವರ ಒಂದು ಸಣ್ಣ ಮಾತು ಸೇರಿಸುತ್ತಾನೆ: ಭೂಮಿ ದಾನ ಕೊಡುವ ಅಧಿಕಾರ ಅರಸನಿಗೆ ಮಾತ್ರ, ಸೀಮೆಯ ಆದಾಯ ಅನುಭವಿಸುವ ಅಧಿಕಾರಿಗೆ, ಅಂದರೆ ಭೋಗಪತಿಗೆ, ಇಲ್ಲ.

ಈ ಮಾತನ್ನ ಯಾಕೆ ಒತ್ತಿ ಹೇಳಬೇಕಾಯಿತು? ನೆಲದ ಮೇಲೆ ಏನು ನಡೆಯುತ್ತಿತ್ತು ಅಂತ ಈಗಾಗಲೇ ನೋಡಿದ್ದೇವೆ. ಸಾಲೋಟಗಿಯಲ್ಲಿ ಮಂತ್ರಿ, ನಾಗಾವಿಯಲ್ಲಿ ದಂಡನಾಯಕ. ಸೀಮೆ ಆಳುವ ಪ್ರತಿಯೊಬ್ಬನೂ ತನ್ನ ಹೆಸರಲ್ಲೇ, ಯಾರನ್ನೂ ಕೇಳದೆ ಊರುಗಳನ್ನ ಬಿಟ್ಟುಕೊಡತೊಡಗಿದರೆ ಅರಸನಿಗೆ ಉಳಿಯೋದೇನು? ಅದಕ್ಕೇ ಎಷ್ಟೋ ಶಾಸನಗಳಲ್ಲಿ ಅಧಿಕಾರಿ ಅರಸನಿಗೆ "ಬಿನ್ನಪಂ ಗೆಯ್ದು" ಭೂಮಿ ಪಡೆದು, ಆಮೇಲೆ ಗುಡಿಗೆ ಧಾರೆ ಎರೆದ ಅಂತ ಬರುತ್ತದೆ. ಆಸೆ ಅಧಿಕಾರಿಯದು, ಶ್ರಮ ಅಧಿಕಾರಿಯದು. ಆದರೂ ಅದು ಕಾನೂನಿನ ಪ್ರಕಾರ ನಿಲ್ಲಬೇಕಾದರೆ ಅರಸನ ಒಪ್ಪಿಗೆ ಬೇಕು.

ಅರಸನ ಶಕ್ತಿ ಇದ್ದದ್ದು ಇಲ್ಲಿ ಅಂತ ನನ್ನ ತಿಳಿವಳಿಕೆ. ಅವನ ಕೈಲಿ ಎಷ್ಟು ಹೊಲ ಉಳಿದಿತ್ತು ಅನ್ನೋದಕ್ಕಿಂತ, ಬೇರೆಯವರು ಕೊಟ್ಟ ಹೊಲಕ್ಕೂ ಅವನ ಹೆಸರಿಲ್ಲದೆ ಬೆಲೆ ಇರಲಿಲ್ಲ ಅನ್ನೋದು ದೊಡ್ಡದು. ನಿಮ್ಮ ಹೊಲದ ಖರೀದಿಪತ್ರವನ್ನ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸದಿದ್ದರೆ ಹೇಗೋ, ಸುಮಾರು ಹಾಗೇ. ಕೊಳ್ಳೋರು ನೀವೇ, ಮಾರೋರು ಇನ್ನೊಬ್ಬರೇ. ಆದರೂ ಮುದ್ರೆ ಬೀಳಬೇಕಾದದ್ದು ಸರ್ಕಾರದ್ದು.

ಪಂಡಿತರು ಕೊಟ್ಟದ್ದೇನು?

ಗುಡಿಗಳು, ಪಂಡಿತರು ಬರೀ ತಗೊಂಡು ಸುಮ್ಮನಿರಲಿಲ್ಲ. ಅರಸನಿಗೆ ಅತಿ ದೊಡ್ಡ ಅಗತ್ಯವಾಗಿದ್ದ ಒಂದನ್ನ ಅವರು ಕೊಟ್ಟರು: ಒಂದು ಕಥೆ.

ಕಲ್ಯಾಣದ ಚಾಲುಕ್ಯರ ಕಷ್ಟ ನೋಡಿ. ಬಾದಾಮಿಯ ಹಳೆಯ ಚಾಲುಕ್ಯರು ಎಂಟನೇ ಶತಮಾನದ ನಡುಭಾಗದಲ್ಲೇ ರಾಷ್ಟ್ರಕೂಟರಿಗೆ ರಾಜ್ಯ ಕಳೆದುಕೊಂಡಿದ್ದರು. ಎರಡನೇ ತೈಲಪ ರಾಷ್ಟ್ರಕೂಟರನ್ನ ತಳ್ಳಿ ಬಂದದ್ದು 973ರಲ್ಲಿ. ನಡುವೆ ಇನ್ನೂರು ವರ್ಷಕ್ಕೂ ಹೆಚ್ಚು. ತೈಲಪ ರಾಷ್ಟ್ರಕೂಟರ ಸಾಮಂತನಾಗಿದ್ದವನು. ನಿನ್ನೆವರೆಗೆ ನಮ್ಮ ಜೊತೆ ಕೈಕಟ್ಟಿ ನಿಂತವನು ಇವತ್ತು ಚಕ್ರವರ್ತಿ ಹೇಗಾದ ಅಂತ ಬೇರೆ ಸಾಮಂತರು ಕೇಳುವುದಿಲ್ಲವೇ?

ಉತ್ತರ ದಾನಪತ್ರದಲ್ಲಿ ಬಂತು. 1009ರ ಸುಮಾರಿನ ಕೌಥೇಂ ತಾಮ್ರಶಾಸನ ಐದನೇ ವಿಕ್ರಮಾದಿತ್ಯನದು. ಕೆಲಸ ಒಂದು ಹಳ್ಳಿಯ ದಾನವನ್ನ ದಾಖಲಿಸೋದು. ಆದರೆ ಅದು ಶುರುವಾಗೋದು ಅಯೋಧ್ಯೆಯಿಂದ. ಈ ವಂಶದ 59 ಅರಸರು ಅಯೋಧ್ಯೆಯಲ್ಲಿ ಆಳಿದರು, ಆಮೇಲೆ 16 ಜನ ದಕ್ಷಿಣಾಪಥದಲ್ಲಿ ಆಳಿದರು, ಆಮೇಲೆ ಬಾದಾಮಿಯವರು, ನಡುವೆ ಸ್ವಲ್ಪ ಕಾಲ ಗ್ರಹಣ ಹಿಡಿದಂತಾಗಿ ತೈಲಪನಿಂದ ಮತ್ತೆ ವಂಶ ಬೆಳಗಿತು ಅನ್ನೋ ಧಾಟಿ. ಬಾದಾಮಿಯವರಿಗೂ ತೈಲಪನಿಗೂ ನಡುವಿನ ಕೊಂಡಿಯನ್ನ ಇತಿಹಾಸಕಾರರು ಪೂರ್ತಿ ಒಪ್ಪೋದಿಲ್ಲ. ಅಯೋಧ್ಯೆಯ 59 ಜನರನ್ನಂತೂ ಯಾರೂ ಹುಡುಕಲು ಹೋಗೋದಿಲ್ಲ.

ಸುರಪುರದ ಕಡೆಯ ಏವೂರಿನಲ್ಲಿ 1077ರ ಶಾಸನ ಇದೆ. ಅಲ್ಲಿನ ಸ್ವಯಂಭು ಗುಡಿಯ ದತ್ತಿ ಅದು, ಅದರಲ್ಲೂ ವಂಶಾವಳಿ ಉದ್ದಕ್ಕೆ ಹಾಸಿದೆ. ಕಾಲ ಮತ್ತೆ ಗಮನಿಸಿ. ಅದರ ಹಿಂದಿನ ವರ್ಷವಷ್ಟೇ ಆರನೇ ವಿಕ್ರಮಾದಿತ್ಯ ಸ್ವಂತ ಅಣ್ಣ ಎರಡನೇ ಸೋಮೇಶ್ವರನನ್ನ ಸೋಲಿಸಿ ಸಿಂಹಾಸನ ಹಿಡಿದಿದ್ದ. ಅಣ್ಣನಿಂದ ಕಿತ್ತುಕೊಂಡ ಪಟ್ಟಕ್ಕೆ ಹಳೆಯ ವಂಶದ ಹೊಳಪು ಬೇಕಿತ್ತು. ಅದನ್ನ ಒದಗಿಸುವ ಕವಿ-ಪಂಡಿತರು ಎಲ್ಲಿ ತಯಾರಾಗುತ್ತಿದ್ದರು? ದತ್ತಿ ಭೂಮಿಯ ಅನ್ನ ತಿಂದ ಅಗ್ರಹಾರ, ಘಟಿಕಾಸ್ಥಾನ, ಗುಡಿಗಳ ಮಠಗಳಲ್ಲಿ. ಹೊಲ ಅವರನ್ನ ಸಾಕಿತು, ಅವರು ಬರೆದ ದಾನಶಾಸನ ಅರಸನ ವಂಶವನ್ನ ಸಾಕಿತು.

ಇಷ್ಟೆಲ್ಲ ಬೆಲೆ ಇದ್ದ ಮೇಲೆ ಖೋಟಾ ಪತ್ರಗಳೂ ಬರಲೇಬೇಕಲ್ಲ? ಬಂದವು. ಹಳೆಯ ಅರಸರ ಹೆಸರಲ್ಲಿ ನಂತರದವರು ಮಾಡಿಸಿದ ತಾಮ್ರಪಟಗಳು ಕರ್ನಾಟಕದಲ್ಲಿ ಸಾಕಷ್ಟಿವೆ. ಗಂಗರ ಹೆಸರಿನ ಹಲವು ಪಟಗಳನ್ನ ಬ್ರಿಟಿಷ್ ವಿದ್ವಾಂಸ ಫ್ಲೀಟ್ ಖೋಟಾ ಅಂತ ಗುರುತಿಸಿದ. ಹೇಗೆ ಗೊತ್ತಾಗುತ್ತದೆ ಅಂದರೆ, ಆರನೇ ಶತಮಾನದ ಅರಸನ ಪತ್ರದಲ್ಲಿ ಹತ್ತನೇ ಶತಮಾನದ ಅಕ್ಷರಗಳು ಇಣುಕುತ್ತವೆ. ಹೇಳಿದ ತಿಥಿಗೂ ವಾರಕ್ಕೂ, ಗ್ರಹಣಕ್ಕೂ ಲೆಕ್ಕ ಕೂಡುವುದಿಲ್ಲ. ಒಂದು ತಪ್ಪು ಸಿಕ್ಕ ಮಾತ್ರಕ್ಕೆ ಸುಳ್ಳು ಅನ್ನೋಕಾಗಲ್ಲ, ಬರೆದವನ ಕೈತಪ್ಪೂ ಇರಬಹುದು. ಹಲವು ಕೂಡಿ ಬಂದರೆ ಸಂಶಯ ಗಟ್ಟಿಯಾಗುತ್ತದೆ. ಸತ್ತು ಹೋದ ಅರಸನ ಸಹಿಯನ್ನ ಜನ ಕದಿಯುತ್ತಿದ್ದರು ಅಂದರೆ ಆ ಸಹಿಯ ತೂಕ ಎಷ್ಟಿತ್ತು ಅಂತ ಲೆಕ್ಕ ಹಾಕಿ.

ಕೊಟ್ಟ ಮೇಲೆ ಕೈ ತಪ್ಪಿತು

ಹಾಗಾದರೆ ದತ್ತಿ ಅಂದರೆ ಅರಸನಿಗೆ ಬರೀ ಲಾಭವೇ? ಈ ವಿಷಯದಲ್ಲಿ ಇತಿಹಾಸಕಾರರು ದೊಡ್ಡ ಜಗಳವನ್ನೇ ಆಡಿದ್ದಾರೆ. ಆರ್. ಎಸ್. ಶರ್ಮಾ ಅವರ ವಾದ, ಇಂಥ ದಾನಗಳಿಂದ ಅರಸನ ಆದಾಯ ಮತ್ತು ಅಧಿಕಾರ ಚೂರು ಚೂರಾಗಿ ಹಂಚಿಹೋಯಿತು, ನಡುವೆ ಜಮೀನ್ದಾರರು ಹುಟ್ಟಿಕೊಂಡರು ಅಂತ. ಬಿ. ಡಿ. ಚಟ್ಟೋಪಾಧ್ಯಾಯ, ಹರ್ಮನ್ ಕುಲ್ಕೆ ಥರದವರ ವಾದ ಇದಕ್ಕೆ ಉಲ್ಟಾ. ದಾನಗಳ ಮೂಲಕವೇ ದೂರದ ಸೀಮೆಗಳು ರಾಜ್ಯದ ಒಳಗೆ ಸೇರಿಕೊಂಡವು, ಅದೇ ರಾಜ್ಯ ಕಟ್ಟಿದ ರೀತಿ ಅಂತ.

ಸಾಲೋಟಗಿಯ ಕಂಬವನ್ನ ಕೇಳಿದರೆ ಇಬ್ಬರಿಗೂ ಸ್ವಲ್ಪ ಸ್ವಲ್ಪ ಹೌದು ಅನ್ನುತ್ತದೆ. ಶಾಲೆ ಶುರುವಾಗಿ 27 ವರ್ಷಕ್ಕೆ, 972ರಲ್ಲಿ, ಮಾಳವದ ಪರಮಾರ ಸೀಯಕ ಬಂದು ಮಾನ್ಯಖೇಟವನ್ನ ಲೂಟಿ ಮಾಡಿದ. ಮರುವರ್ಷ ರಾಷ್ಟ್ರಕೂಟರ ಕಥೆ ಮುಗಿಯಿತು. ಎಷ್ಟು ಸಾವಿರ ಕಲ್ಲಲ್ಲಿ ಹೆಸರಿದ್ದರೂ ಆ ದಿನ ರಾಜಧಾನಿಯನ್ನ ಕಾಯಲು ಅವು ಬರಲಿಲ್ಲ. ಬಿಟ್ಟುಕೊಟ್ಟ ಹೊಲದ ಆದಾಯದಿಂದ ಸೈನ್ಯ ಸಾಕಲು ಆಗುವುದಿಲ್ಲ.

ಆದರೆ ಶಾಲೆ? ಅದೇ ಕಂಬದ ಮೇಲೆ ಹನ್ನೊಂದನೇ ಶತಮಾನದ ಸುಮಾರಿನ ಇನ್ನೊಂದು ಬರಹ ಇದೆ. ನಾರಾಯಣ ಕಟ್ಟಿಸಿದ ಶಾಲೆ ಬಿದ್ದುಹೋಗಿತ್ತು, ಅದನ್ನ ಶಿಲಾಹಾರ ವಂಶದ ಕಂಚಿಗ ಮತ್ತೆ ಕಟ್ಟಿಸಿದ ಅಂತ. ರಾಜವಂಶ ಹೋಗಿತ್ತು, ಮಂತ್ರಿ ಸತ್ತು ಎಷ್ಟೋ ಕಾಲ ಆಗಿತ್ತು, ಕಟ್ಟಡವೂ ಕುಸಿದಿತ್ತು. ಆದರೂ ಹೊಸಬ ಬಂದು ಹೊಸದೊಂದನ್ನ ಬೇರೆ ಕಡೆ ಕಟ್ಟುವ ಬದಲು ಹಳೆಯದನ್ನೇ ಎತ್ತಿ ನಿಲ್ಲಿಸಿದ.

ಇದಕ್ಕೂ ಒಂದು ಕಾರಣ ಶಾಸನಗಳ ಕೊನೆಯ ಸಾಲುಗಳಲ್ಲಿದೆ. ದತ್ತಿ ಕೆಡಿಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳವಾಗಿ ಹುಟ್ಟುತ್ತಾನೆ, ವಾರಾಣಸಿಯಲ್ಲಿ ಗೋವು ಕೊಂದ ಪಾಪ ಹೊರುತ್ತಾನೆ, ಹೀಗೆ ಶಾಪಗಳು. ಅದರ ಜೊತೆ ಒಂದು ಆಸೆಯನ್ನೂ ತೋರಿಸುತ್ತವೆ: ತಾನು ಕೊಡುವುದಕ್ಕಿಂತ ಇನ್ನೊಬ್ಬ ಕೊಟ್ಟದ್ದನ್ನ ಕಾಯುವುದು ಹೆಚ್ಚು ಪುಣ್ಯ. ಭೂಮಿಯನ್ನ ಎಷ್ಟೋ ಅರಸರು ಆಳಿ ಹೋಗಿದ್ದಾರೆ, ಯಾವಾಗ ಯಾರದೋ ಅವರಿಗೇ ಅದರ ಫಲ ಅನ್ನುತ್ತವೆ. ಸೋಲಿಸಿ ಬಂದ ಹೊಸ ಅರಸನಿಗೆ ಇದು ಬಹಳ ಅನುಕೂಲ. ಹಳೆಯ ದತ್ತಿ ಕಾಯ್ದರೆ ಖರ್ಚಿಲ್ಲದೆ ಧರ್ಮಾತ್ಮ ಆಗಬಹುದು, ಊರವರ ಎದುರು ನಾನೂ ಹಿಂದಿನವರ ಸಾಲಿನವನೇ ಅನ್ನಬಹುದು. ಹೀಗೆ ದತ್ತಿ ಒಬ್ಬ ಅರಸನ ಆಸ್ತಿಯಾಗಿ ಉಳಿಯಲಿಲ್ಲ. ಮುಂದಿನವನಿಗೂ ಅದು ಒಂದು ಏಣಿ ಆಯಿತು.

ಕಲ್ಲಲ್ಲಿ ಯಾರ ಹೆಸರಿಲ್ಲ

ಈಗ ಆ ಹಿರಿಯರ ಮಾತಿಗೆ ವಾಪಸ್ ಬರೋಣ. ಹೆಸರು ದೇವರದು, ಬೆವರು ನಮ್ಮದು.

ನಾಗಾವಿಯ ಶಾಸನದಲ್ಲಿ ವಿದ್ಯಾರ್ಥಿಗಳ ಎಣಿಕೆ ಇದೆ. ಗ್ರಂಥಪಾಲಕರ ಎಣಿಕೆ ಇದೆ. ಸಾಲೋಟಗಿಯಲ್ಲಿ ದೀಪದ ಎಣ್ಣೆಗೂ ಲೆಕ್ಕ ಇದೆ. ಆದರೆ ಆ 500 ನಿವರ್ತನ ಹೊಲವನ್ನ ಎಷ್ಟು ಜೋಡಿ ಎತ್ತು ಉತ್ತವು, ಎಷ್ಟು ಹೆಣ್ಣುಮಕ್ಕಳು ಕಳೆ ತೆಗೆದರು ಅನ್ನೋ ಲೆಕ್ಕ ಕಂಬದ ಮೇಲೆ ಬರಲಿಲ್ಲ. ಆ ಮನೆಗಳ ಮಕ್ಕಳಿಗೆ ಆ ಶಾಲೆಗಳಲ್ಲಿ ವೇದ ಓದುವ ಹಕ್ಕೂ ಇರಲಿಲ್ಲ. ಮಳೆ ಕೈಕೊಟ್ಟ ವರ್ಷ ಅರಸನ ಹತ್ತಿರ ಹೋಗಿ ಪಾಲು ಬಿಟ್ಟುಕೊಡಿ ಅಂತ ಕೇಳುವ ದಾರಿಯೂ ಮುಚ್ಚಿತ್ತು. ಯಾಕಂದ್ರೆ ಅರಸ ಆಗಲೇ ಕೈ ತೊಳೆದುಕೊಂಡಿದ್ದ. ಆ ಹೊಲದೊಳಗೆ ಅರಸನ ಅಧಿಕಾರಿ ಕಾಲಿಡುವ ಹಾಗಿಲ್ಲ ಅನ್ನೋ ಸಾಲು, ಪಂಡಿತನಿಗೆ ರಕ್ಷಣೆ. ಒಕ್ಕಲಿಗೆ ಅದೇ ಸಾಲು ಒಂಟಿತನ.

ಅಲ್ಲಿಂದ ಇಲ್ಲಿಯವರೆಗೆ ನಮ್ಮ ನೆಲದಲ್ಲಿ ಬಹಮನಿಗಳು ಬಂದರು, ಆದಿಲಶಾಹಿ ಬಂತು, ನಿಜಾಮರು ಬಂದರು. ಅವರೂ ದರ್ಗಾಗಳಿಗೆ, ಮಠಗಳಿಗೆ, ಗುಡಿಗಳಿಗೆ, ಪಂಡಿತರಿಗೆ ಭೂಮಿ ಬಿಟ್ಟರು. ಸರ್ವನಮಸ್ಯ ಅನ್ನೋ ಪದ ಮರೆತುಹೋಗಿ ಇನಾಂ ಅನ್ನೋ ಪದ ಬಂತು. ಇವತ್ತಿನ ಎಲ್ಲ ಇನಾಂ ಹೊಲವೂ ಚಾಲುಕ್ಯರ ಕಾಲದ್ದು ಅಂತಲ್ಲ, ಹೆಚ್ಚಿನವು ಬಹಳ ಈಚಿನವು. ಉಪಾಯ ಮಾತ್ರ ಹಳೆಯದು. ಸ್ವಾತಂತ್ರ್ಯದ ನಂತರ ಇನಾಂ ರದ್ದತಿ ಕಾನೂನುಗಳು ಬಂದಾಗಲೇ, ಉಳುವವನ ಹೆಸರು ದಾಖಲೆಯೊಳಗೆ ಬರಬೇಕು ಅನ್ನೋ ಮಾತು ಗಟ್ಟಿಯಾದದ್ದು.

ಮುಂದಿನ ಸಲ ಊರ ಗುಡಿಗೆ ಹೋದಾಗ ಆ ಕಲ್ಲಿನ ಮುಂದೆ ಐದು ನಿಮಿಷ ನಿಲ್ಲಿ. ಮೇಲ್ಗಡೆ ಸೂರ್ಯ, ಚಂದ್ರ ಇದ್ದರೆ ಅದು ದತ್ತಿ ಎಲ್ಲಿಯವರೆಗೆ ನಡೆಯಬೇಕು ಅನ್ನೋದರ ಗುರುತು. ಲಿಂಗ, ಅದರ ಪಕ್ಕ ಪೂಜಾರಿ, ಕರುವಿಗೆ ಹಾಲೂಡಿಸುವ ಆಕಳು ಇರಬಹುದು. ಕೆಳಗಿನ ಮೊದಲ ಸಾಲುಗಳಲ್ಲಿ ಅರಸ, ನಡುವೆ ಅವನ ಪಾದ ನಂಬಿದ ಅಧಿಕಾರಿ, ಆಮೇಲೆ ಹೊಲ ಮತ್ತು ಗಡಿ, ಕೊನೆಗೆ ಶಾಪ. ಅಕ್ಷರ ಓದಲು ಬರದಿದ್ದರೂ ಈ ಕ್ರಮ ಗೊತ್ತಿದ್ದರೆ ಅರ್ಧ ಓದಿದ ಹಾಗೆ. ಸುಣ್ಣ, ಪೇಂಟು ಬಳಿಯಲು ಯಾರಾದರೂ ಬಂದರೆ ಮಾತ್ರ ದಯವಿಟ್ಟು ತಡೀರಿ. ಅಕ್ಷರ ತುಂಬಿಹೋದರೆ ಆ ಹೊಲದ ಕಥೆ ಅಲ್ಲಿಗೆ ಮುಗಿಯಿತು.

ಗಡಿ ಬರೆದ ಸಾಲಿಗೆ ಬಂದಾಗ ಒಮ್ಮೆ ಹಿಂದೆ ತಿರುಗಿ ಹೊಲದ ಕಡೆ ನೋಡಿ. ಅಲ್ಲಿ ತೊಗರಿ ಬಿತ್ತುತ್ತಿರುವವರ ಹಿರಿಯರು ಆ ಕಲ್ಲಿನಲ್ಲಿಲ್ಲ. ಆದರೆ ಅದರಲ್ಲಿ ಹೆಸರಿರುವ ಎಲ್ಲರೂ ಉಂಡದ್ದು ಆ ಹೊಲದ್ದೇ.

ಇವತ್ತಿಗೆ ಇಷ್ಟು. ನಿಮ್ಮೂರಿನ ದೇವರ ಹೊಲದ ಕಥೆ ನಿಮ್ಮ ಮನೆ ಹಿರಿಯರಿಗೆ ಗೊತ್ತಿದ್ದರೆ ಕೇಳಿಟ್ಕೊಳ್ಳಿ. ಮತ್ತೆ ಸಿಗೋಣ್ರಿ.